ವಿಮಾನ ಟಿಕೆಟ್‌ನ ಒಂದು ಸಾಲು, ಅದರ ಹಿಂದಿನ ಬೀಟಾ: ಬೆಂಗಳೂರು ನಿಲ್ದಾಣದ ಪ್ರಕರಣ

ಬೆಂಗಳೂರಿನಿಂದ ವಿಮಾನ ಹತ್ತಿದವರು ಟಿಕೆಟ್‌ನ ಬಿಲ್ ಬಿಡಿಸಿ ನೋಡಿದರೆ ಅಲ್ಲಿ ಯುಡಿಎಫ್ ಎಂಬ ಒಂದು ಸಾಲು ಕಾಣುತ್ತದೆ. ಬಳಕೆದಾರರ ಅಭಿವೃದ್ಧಿ ಶುಲ್ಕ. ಇದು ವಿಮಾನ ಕಂಪನಿಗೆ ಹೋಗುವ ದುಡ್ಡಲ್ಲ, ನಿಲ್ದಾಣಕ್ಕೆ ಹೋಗುವ ದುಡ್ಡು. ಎಷ್ಟು ವಸೂಲಿ ಮಾಡಬಹುದು ಎಂದು ತೀರ್ಮಾನಿಸುವುದು ನಿಲ್ದಾಣವೂ ಅಲ್ಲ. 2008ರ ಕಾಯ್ದೆಯ ಪ್ರಕಾರ ಹುಟ್ಟಿದ ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರ, ಅಂದರೆ ಏರಾ, ಐದೈದು ವರ್ಷಕ್ಕೊಮ್ಮೆ ಲೆಕ್ಕ ಹಾಕಿ ಹೇಳುತ್ತದೆ.

ಆ ಲೆಕ್ಕದ ನಡುವೆ ಒಂದು ಪ್ರಶ್ನೆ ಕೂತಿದೆ. ನಿಲ್ದಾಣ ಕಟ್ಟಲು ಷೇರು ಬಂಡವಾಳ ಹಾಕಿದವರಿಗೆ ವರ್ಷಕ್ಕೆ ಶೇಕಡಾ ಎಷ್ಟು ಕೊಟ್ಟರೆ ನ್ಯಾಯ? ಬ್ಯಾಂಕ್ ಸಾಲಕ್ಕಾದರೆ ಪತ್ರದಲ್ಲೇ ಬಡ್ಡಿ ದರ ಬರೆದಿರುತ್ತದೆ. ಷೇರುದಾರರಿಗೆ ಅಂಥ ಪತ್ರ ಇಲ್ಲ. ಹಾಗಾಗಿ ಏರಾ ಕ್ಯಾಪಿಟಲ್ ಅಸೆಟ್ ಪ್ರೈಸಿಂಗ್ ಮಾಡೆಲ್, ಚಿಕ್ಕದಾಗಿ ಕ್ಯಾಪ್‌ಎಂ, ಹಿಡಿದು ಆ ಸಂಖ್ಯೆ ಹುಡುಕುತ್ತದೆ. ಬೆಂಗಳೂರು ನಿಲ್ದಾಣಕ್ಕೆ ಮೊದಲ ಅವಧಿಯಲ್ಲಿ ಅದು ಶೇ 16 ಎಂದು ನಿಂತಿತು. ನಿಲ್ದಾಣದ ಕಂಪನಿ ಅದಕ್ಕಿಂತ ಜಾಸ್ತಿ ಕೇಳಿತ್ತು. 2021ರಲ್ಲಿ ಆರಂಭವಾದ ಮೂರನೇ ಅವಧಿಗೆ ಏರಾ ಐಐಎಂ ಬೆಂಗಳೂರಿನಿಂದ ಅಧ್ಯಯನ ಮಾಡಿಸಿತು. ಆಗ ಸಂಖ್ಯೆ ಸುಮಾರು ಶೇ 15ಕ್ಕೆ ಇಳಿಯಿತು.

ಒಂದು ಶೇಕಡಾ ವ್ಯತ್ಯಾಸಕ್ಕೆ ಯಾಕಿಷ್ಟು ಜಗ್ಗಾಟ? ಈ ಬರಹದ ಲೆಕ್ಕಗಳಿಗೆ ನಾನು ಸುಲಭದ ಸಂಖ್ಯೆಗಳನ್ನು ತೆಗೆದುಕೊಂಡಿದ್ದೇನೆ. ಅವು ಏರಾದ ಆದೇಶದ ಸಂಖ್ಯೆಗಳಲ್ಲ. ನಿಲ್ದಾಣದ ಆಸ್ತಿ 10,000 ಕೋಟಿ ರೂಪಾಯಿ ಎನ್ನೋಣ. ಅದರಲ್ಲಿ ಷೇರು ಬಂಡವಾಳದ ಪಾಲು ಶೇ 52, ಸಾಲ ಶೇ 48. ಷೇರುದಾರರ ಪ್ರತಿಫಲ ಒಂದು ಶೇಕಡಾ ಏರಿದರೆ ವರ್ಷಕ್ಕೆ 52 ಕೋಟಿ ಹೆಚ್ಚು ಬೇಕು. ಮೇಲಿನ ತೆರಿಗೆ ಬೇರೆ. ಕೋವಿಡ್‌ಗೆ ಮುಂಚೆ ಈ ನಿಲ್ದಾಣದಲ್ಲಿ ವರ್ಷಕ್ಕೆ ಸುಮಾರು 3.3 ಕೋಟಿ ಜನ ಓಡಾಡುತ್ತಿದ್ದರು. ತಲೆಗೆ ಹದಿನೈದು ಹದಿನಾರು ರೂಪಾಯಿ ಆಯಿತು. ಹೊರಡುವವರಿಂದ ಮಾತ್ರ ತೆಗೆದುಕೊಂಡರೆ ಅದರ ಎರಡರಷ್ಟು.

ಈಗ ಸೂತ್ರ. ನೋಡಲು ಬಹಳ ಚಿಕ್ಕದು.

```
E(Ri) = Rf + βi × [E(Rm) − Rf]
```

ಎಡಗಡೆ ಇರುವುದು ನಾವು ಹುಡುಕುತ್ತಿರುವ ಪ್ರತಿಫಲ. ಬಲಗಡೆ ಮೊದಲು ಬರುವುದು ರಿಸ್ಕ್ ಇಲ್ಲದ ದರ. ಭಾರತದಲ್ಲಿ ಅದಕ್ಕೆ ಸಾಮಾನ್ಯವಾಗಿ 10 ವರ್ಷದ ಸರ್ಕಾರಿ ಬಾಂಡ್‌ನ ಆದಾಯ ತೆಗೆದುಕೊಳ್ಳುತ್ತಾರೆ. ಚೌಕ ಆವರಣದಲ್ಲಿರುವುದು ಮಾರುಕಟ್ಟೆ ರಿಸ್ಕ್ ಪ್ರೀಮಿಯಂ. ಸುಮ್ನೆ ಸರ್ಕಾರಿ ಬಾಂಡ್ ಕೊಂಡು ಕೂರುವ ಬದಲು ಇಡೀ ಷೇರುಪೇಟೆಯಲ್ಲಿ ದುಡ್ಡು ಹಾಕುವವನು ಎಷ್ಟು ಹೆಚ್ಚಿಗೆ ನಿರೀಕ್ಷಿಸುತ್ತಾನೋ ಅದು. ಬೀಟಾ ಎಂದರೆ ಪೇಟೆ ಒಂದು ಶೇಕಡಾ ಅಲುಗಿದಾಗ ಈ ಷೇರು ಸರಾಸರಿ ಎಷ್ಟು ಶೇಕಡಾ ಅಲುಗುತ್ತದೆ ಎಂಬ ಅಳತೆ. ವಿಲಿಯಂ ಶಾರ್ಪ್ 1964ರಲ್ಲಿ ಇದನ್ನು ಪ್ರಕಟಿಸಿದರು. ಜಾನ್ ಲಿಂಟ್ನರ್ ಮುಂತಾದವರು ಅದೇ ಹೊತ್ತಿಗೆ ಬೇರೆ ದಾರಿಯಲ್ಲಿ ಅಲ್ಲಿಗೇ ಬಂದಿದ್ದರು. 1990ರಲ್ಲಿ ಶಾರ್ಪ್‌ಗೆ ಅರ್ಥಶಾಸ್ತ್ರದ ನೊಬೆಲ್ ಹಂಚಿಕೆಯಾಗಿ ಬಂತು.

ಈ ಸೂತ್ರದಲ್ಲಿ ಏನು ಇಲ್ಲ ಎಂಬುದನ್ನೂ ನೋಡಬೇಕು. ಬೆಂಗಳೂರನ್ನೇ ನೆಲೆ ಮಾಡಿಕೊಂಡಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಿತು. ದೊಡ್ಡ ವಿಮಾನ ಕಂಪನಿ ಒಂದೇ ಸಲ ಮಾಯವಾದರೆ ನಿಲ್ದಾಣಕ್ಕೆ ಅದು ಹೊಡೆತವೇ. ಆದರೂ ಕ್ಯಾಪ್‌ಎಂ ಅದಕ್ಕೆ ಹೆಚ್ಚುವರಿ ಪ್ರತಿಫಲ ಕೊಡುವುದಿಲ್ಲ. ಯಾಕೆಂದರೆ ನಿಲ್ದಾಣದ ಷೇರಿನ ಜೊತೆ ಬೇರೆ ಹತ್ತಾರು ಕಂಪನಿಗಳ ಷೇರು ಇಟ್ಟುಕೊಂಡವನಿಗೆ ಇಂಥ ನಷ್ಟ ಇನ್ನೊಂದು ಕಡೆ ಸರಿಹೋಗುತ್ತದೆ. ನಿಂತ ಕಂಪನಿಯ ಪ್ರಯಾಣಿಕರು ಇನ್ನೊಂದು ಕಂಪನಿಯ ವಿಮಾನ ಹತ್ತುತ್ತಾರೆ. ಹಂಚಿ ಇಟ್ಟರೆ ಕರಗುವ ರಿಸ್ಕ್‌ಗೆ ಪೇಟೆ ದುಡ್ಡು ಕೊಡುವುದಿಲ್ಲ. ಇಡೀ ದೇಶದ ವ್ಯಾಪಾರ ಕುಸಿದಾಗ ಜನ ಪ್ರಯಾಣ ಕಡಿಮೆ ಮಾಡುತ್ತಾರಲ್ಲ, ಆಗ ಬೇರೆ ಷೇರುಗಳೂ ಬಿದ್ದಿರುತ್ತವೆ. ಎಲ್ಲಿ ಹಂಚಿಟ್ಟರೂ ಅದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಬೀಟಾ ಅಳೆಯುವುದು ಆ ಪಾಲನ್ನು ಮಾತ್ರ.

ಇದು ಗೊತ್ತಿಲ್ಲದೆ ನಡೆಯುವ ವಾದಗಳನ್ನು ನಾನು ಬಹಳ ಕೇಳಿದ್ದೇನೆ. ಮಂಜು ಬಿದ್ದರೆ, ರನ್‌ವೇ ರಿಪೇರಿಗೆ ಬಂದರೆ, ಕಾಮಗಾರಿ ತಡವಾದರೆ ಎಂದು ಪಟ್ಟಿ ಮಾಡಿ, ಅದಕ್ಕಾಗಿ ಬೀಟಾ ಏರಿಸಿ ಎನ್ನುತ್ತಾರೆ. ಆ ಕಷ್ಟಗಳೆಲ್ಲ ನಿಜ. ಅವುಗಳ ಜಾಗ ಮಾತ್ರ ಬೇರೆ. ಅವು ನಿರೀಕ್ಷಿತ ಖರ್ಚು ಮತ್ತು ಆದಾಯದ ಅಂದಾಜಿನಲ್ಲಿ ಸೇರಬೇಕು, ಪ್ರತಿಫಲದ ದರದಲ್ಲಿ ಅಲ್ಲ.

ಇನ್ನು ಅಸಲಿ ತೊಡಕಿಗೆ ಬರೋಣ. ಬೀಟಾ ಅಳೆಯಲು ಷೇರಿನ ಬೆಲೆ ಬೇಕು. ಪ್ರತಿ ವಾರ ಷೇರು ಎಷ್ಟು ಏರಿತು ಇಳಿಯಿತು, ಪೇಟೆ ಎಷ್ಟು ಏರಿತು ಇಳಿಯಿತು, ಎರಡನ್ನೂ ಗ್ರಾಫ್ ಮೇಲೆ ಚುಕ್ಕಿ ಇಟ್ಟು ನಡುವೆ ಒಂದು ಗೆರೆ ಎಳೆದರೆ ಅದರ ಇಳಿಜಾರೇ ಬೀಟಾ. ಕೆಂಪೇಗೌಡ ನಿಲ್ದಾಣ ನಡೆಸುವ ಬಿಐಎಎಲ್ ಕಂಪನಿ ಷೇರುಪೇಟೆಯಲ್ಲೇ ಇಲ್ಲ. ಅದರ ಹೆಚ್ಚಿನ ಪಾಲು ಕೆನಡಾದ ಫೇರ್‌ಫ್ಯಾಕ್ಸ್ ಗುಂಪಿನದು. ರಾಜ್ಯ ಸರ್ಕಾರದ ಸಂಸ್ಥೆ ಕೆಎಸ್‌ಐಐಡಿಸಿಗೆ ಶೇ 13 ಮತ್ತು ಕೇಂದ್ರ ಸರ್ಕಾರದ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಶೇ 13 ಪಾಲಿದೆ. ದಿನವೂ ಕೊಂಡು ಮಾರುವ ಷೇರು ಇಲ್ಲದಿದ್ದ ಮೇಲೆ ಚುಕ್ಕಿ ಇಡುವುದು ಎಲ್ಲಿ?

ಹಾಗಾಗಿ ಪೇಟೆಯಲ್ಲಿರುವ ಬೇರೆ ನಿಲ್ದಾಣಗಳ ಕಡೆ ನೋಡಬೇಕಾಗುತ್ತದೆ. ಜರ್ಮನಿಯ ಫ್ರಾಪೋರ್ಟ್, ಪ್ಯಾರಿಸ್‌ನ ಎಡಿಪಿ, ಆಕ್ಲೆಂಡ್, ಥಾಯ್ಲೆಂಡ್‌ನ ನಿಲ್ದಾಣಗಳ ಕಂಪನಿ, ಹೀಗೆ. ಆದರೆ ಅವುಗಳ ಬೀಟಾವನ್ನು ಎತ್ತಿ ಹಾಗೇ ಇಲ್ಲಿ ಇಡುವಂತಿಲ್ಲ. ಒಂದೊಂದರ ಮೇಲೆ ಒಂದೊಂದು ಮಟ್ಟದ ಸಾಲ ಇದೆ. ಸಾಲ ಜಾಸ್ತಿ ಇದ್ದಷ್ಟೂ ಷೇರು ಜಾಸ್ತಿ ಕುಣಿಯುತ್ತದೆ. ಬಡ್ಡಿಯನ್ನು ಮೊದಲು ಕಟ್ಟಲೇಬೇಕು, ಉಳಿದದ್ದು ಷೇರುದಾರರಿಗೆ. ಆದಾಯ ಸ್ವಲ್ಪ ಇಳಿದರೂ ಉಳಿಯುವ ಭಾಗ ಬಹಳ ಇಳಿಯುತ್ತದೆ.

ಅದಕ್ಕೆ ಎರಡು ಹೆಜ್ಜೆ. ಮೊದಲು ಪ್ರತಿ ಕಂಪನಿಯ ಬೀಟಾದಿಂದ ಸಾಲದ ಪ್ರಭಾವ ತೆಗೆಯುವುದು. ಉಳಿಯುವುದು ಆಸ್ತಿಯ ಬೀಟಾ, ಅಂದರೆ ಸಾಲವೇ ಇಲ್ಲದಿದ್ದರೆ ನಿಲ್ದಾಣದ ವ್ಯವಹಾರ ಎಷ್ಟು ಅಲುಗುತ್ತಿತ್ತು ಎಂಬ ಅಳತೆ. ಆಮೇಲೆ ನಮ್ಮ ನಿಲ್ದಾಣದ ಸಾಲದ ಮಟ್ಟ ಸೇರಿಸಿ ಮತ್ತೆ ಷೇರಿನ ಬೀಟಾ ಮಾಡುವುದು. ಹೆಚ್ಚಾಗಿ ಬಳಸುವ ಸೂತ್ರ ಇದು:

```
βe = βa × [1 + (1 − t) × D/E]
```

ಇಲ್ಲಿ `βe` ಷೇರಿನ ಬೀಟಾ, `βa` ಆಸ್ತಿಯ ಬೀಟಾ, `t` ತೆರಿಗೆ ದರ, `D/E` ಸಾಲಕ್ಕೂ ಷೇರು ಬಂಡವಾಳಕ್ಕೂ ಇರುವ ಅನುಪಾತ. ಮೂರು ಕಾಲ್ಪನಿಕ ನಿಲ್ದಾಣಗಳನ್ನು ತೆಗೆದುಕೊಳ್ಳೋಣ, ಎಲ್ಲಕ್ಕೂ ತೆರಿಗೆ ಶೇ 25 ಇರಲಿ. ಮೊದಲನೆಯದರ ಷೇರಿನ ಬೀಟಾ 0.9, ಸಾಲದ ಅನುಪಾತ 0.6. ಆಸ್ತಿಯ ಬೀಟಾ 0.9 ÷ 1.45, ಅಂದರೆ 0.62. ಎರಡನೆಯದರ ಬೀಟಾ 0.7, ಅನುಪಾತ 0.4. ಅದರಿಂದ 0.54 ಬರುತ್ತದೆ. ಮೂರನೆಯದರ ಬೀಟಾ 1.1, ಆದರೆ ಸಾಲ ಬಹಳ, ಅನುಪಾತ 1.6. ಅದರಿಂದ 0.50. ನೋಡಿ, ಷೇರುಪೇಟೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕುಣಿಯುವ ಕಂಪನಿಯ ವ್ಯವಹಾರವೇ ಎಲ್ಲಕ್ಕಿಂತ ಸಮಾಧಾನದ್ದು. ಕುಣಿತವೆಲ್ಲ ಸಾಲದ್ದು. ಸಾಲ ತೆಗೆಯದೆ ಸರಾಸರಿ ಮಾಡಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಮೂರರ ಸರಾಸರಿ 0.55. ಇದಕ್ಕೆ ನಮ್ಮ 48:52ರ ಸಾಲ ಸೇರಿಸೋಣ. ಅನುಪಾತ 0.92. ಷೇರಿನ ಬೀಟಾ 0.55 × 1.69, ಅಂದರೆ 0.93. ಸರ್ಕಾರಿ ಬಾಂಡ್ ಶೇ 7.5, ಮಾರುಕಟ್ಟೆ ಪ್ರೀಮಿಯಂ ಶೇ 8 ಎಂದು ಇಟ್ಟುಕೊಂಡರೆ ಷೇರುದಾರರ ಪ್ರತಿಫಲ 7.5 + 0.93 × 8 = ಶೇ 14.9. ಸಾಲಕ್ಕೆ ಶೇ 9 ಬಡ್ಡಿ ಎಂದರೆ ಒಟ್ಟು ಬಂಡವಾಳದ ಸರಾಸರಿ ದರ ಶೇ 12.1.

ಈಗ ಯಾರೋ ಎದ್ದು ಹೇಳುತ್ತಾರೆ. "ನಿಜವಾಗಿ ನಮ್ಮ ಮೇಲೆ ಸಾಲ ಶೇ 70 ಇದೆ ಸ್ವಾಮಿ. ಷೇರು ಶೇ 30 ಮಾತ್ರ. ನಮ್ಮ ಷೇರುದಾರರ ರಿಸ್ಕ್ ಎಷ್ಟೋ ಜಾಸ್ತಿ." ಮಾತು ಸರಿ. ಅನುಪಾತ 2.33 ಹಾಕಿದರೆ ಷೇರಿನ ಬೀಟಾ 1.51, ಪ್ರತಿಫಲ ಶೇ 19.6. ಶೇ 15 ಎಲ್ಲಿ, ಶೇ 19.6 ಎಲ್ಲಿ! ಕೇಳಿದವರಿಗೆ ಎದೆ ಝಲ್ಲೆನ್ನುತ್ತದೆ. ಆದರೆ ಲೆಕ್ಕ ಮುಂದುವರಿಸಿ. ಶೇ 19.6 ಕೊಡಬೇಕಾದದ್ದು ಬಂಡವಾಳದ ಶೇ 30ಕ್ಕೆ ಮಾತ್ರ. ಉಳಿದ ಶೇ 70ಕ್ಕೆ 9. ಸರಾಸರಿ ಶೇ 12.2. ಎರಡೂ ಹೆಚ್ಚು ಕಡಿಮೆ ಒಂದೇ!

ಅಷ್ಟು ಸಾಲ ಇದ್ದರೆ ಬ್ಯಾಂಕ್‌ನವರು ಬಡ್ಡಿಯನ್ನೂ ಏರಿಸುತ್ತಾರೆ ಎಂಬುದು ನಿಜ, ಹಾಗಾಗಿ ವ್ಯತ್ಯಾಸ ಸ್ವಲ್ಪ ಹೆಚ್ಚಬಹುದು. ಆದರೂ ಮುಖ್ಯ ಸಂಗತಿ ಬದಲಾಗುವುದಿಲ್ಲ. ವ್ಯವಹಾರದ ರಿಸ್ಕ್ ಅಷ್ಟೇ ಇದೆ. ಸಾಲ ಅದನ್ನು ಯಾರ ತಲೆಗೆ ಎಷ್ಟು ಎಂದು ಹಂಚುತ್ತದೆ, ಅಷ್ಟೆ.

ಅಪಾಯ ಇರುವುದು ಎರಡನ್ನೂ ಬೆರೆಸಿದಾಗ. ಬೀಟಾವನ್ನು 70:30ರ ಸಾಲಕ್ಕೆ ಲೆಕ್ಕ ಹಾಕಿ, ಸರಾಸರಿ ಮಾಡುವಾಗ ಮಾತ್ರ 48:52ರ ತೂಕ ಹಾಕಿದರೆ ದರ ಶೇ 14.5 ಆಗುತ್ತದೆ. 12.1ಕ್ಕಿಂತ 2.4 ಜಾಸ್ತಿ. 10,000 ಕೋಟಿ ಆಸ್ತಿಯ ಮೇಲೆ ವರ್ಷಕ್ಕೆ 240 ಕೋಟಿ, ತಲೆಗೆ 70 ರೂಪಾಯಿಗೂ ಮೇಲೆ. ಉಲ್ಟಾ ಬೆರೆಸಿದರೆ, ಅಂದರೆ 14.9ನ್ನು ಶೇ 30ರ ತೂಕದ ಜೊತೆ ಇಟ್ಟರೆ, ದರ ಶೇ 10.8ಕ್ಕೆ ಬೀಳುತ್ತದೆ. ಆಗ ಷೇರುದಾರರಿಗೆ ಅನ್ಯಾಯ. ನಾನು ಮೊದಲ ಸಲ ಇಂಥ ಲೆಕ್ಕ ಮಾಡಿದಾಗ ಇದೇ ತಪ್ಪು ಮಾಡಿದ್ದೆ. ಬೀಟಾ ಒಂದು ಹಾಳೆಯಲ್ಲಿತ್ತು, ತೂಕ ಇನ್ನೊಂದು ಹಾಳೆಯಲ್ಲಿ. ಎರಡೂ ಹಾಳೆ ತಮ್ಮ ಮಟ್ಟಿಗೆ ಸರಿಯಾಗಿದ್ದವು. ಅಂದಿನಿಂದ ಯಾವ ವರದಿ ಕೈಗೆ ಬಂದರೂ ಮೊದಲು ಹುಡುಕುವುದು ಇದನ್ನೇ: ಬೀಟಾಕ್ಕೆ ಹಾಕಿದ ಸಾಲದ ಅನುಪಾತವೂ ಸರಾಸರಿಗೆ ಹಾಕಿದ ಅನುಪಾತವೂ ಒಂದೇ ಇದೆಯೇ? ಎರಡು ಹಾಳೆ ಪಕ್ಕಪಕ್ಕ ಇಟ್ಟರೆ ಐದು ನಿಮಿಷದ ಕೆಲಸ.

ಮಾರುಕಟ್ಟೆ ಪ್ರೀಮಿಯಂ ಮೇಲೂ ಇಷ್ಟೇ ದುಡ್ಡು ನಿಂತಿದೆ. ನಮ್ಮ ಉದಾಹರಣೆಯಲ್ಲಿ ಪ್ರೀಮಿಯಂ 8ರಿಂದ 7ಕ್ಕೆ ಇಳಿದರೆ ವರ್ಷಕ್ಕೆ 48 ಕೋಟಿ ಕಡಿಮೆ ಸಾಕು. ಆದರೆ ಇದನ್ನು ಯಾರೂ ನೇರವಾಗಿ ಕಂಡವರಿಲ್ಲ. ಜನ ಮುಂದೆ ಏನು ನಿರೀಕ್ಷಿಸುತ್ತಾರೆ ಎಂಬುದಕ್ಕೆ ಹಿಂದೆ ಏನು ಸಿಕ್ಕಿತು ಎಂಬುದನ್ನೇ ಹಿಡಿಯಬೇಕು. ಸೆನ್ಸೆಕ್ಸ್‌ನ ಲೆಕ್ಕ 1978-79ನ್ನು 100 ಎಂದು ಇಟ್ಟುಕೊಂಡು ಶುರುವಾಗುತ್ತದೆ. ನಾಲ್ಕು ದಶಕಕ್ಕೂ ಹೆಚ್ಚಿನ ಅಂಕಿಗಳಿವೆ. ಅಷ್ಟಿದ್ದರೂ ಯಾವ ವರ್ಷದಿಂದ ಎಣಿಸುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಸರಾಸರಿ ಹೇಗೆ ತೆಗೆಯುತ್ತೀರಿ ಎಂಬುದೂ ದೊಡ್ಡ ವಿಷಯ. ಪೇಟೆ ಒಂದು ವರ್ಷ ಶೇ 50 ಏರಿ ಮರುವರ್ಷ ಶೇ 30 ಇಳಿಯಿತು ಎನ್ನಿ. ಸಾದಾ ಸರಾಸರಿ ಶೇ 10. ಆದರೆ 100 ರೂಪಾಯಿ 150 ಆಗಿ, ಆಮೇಲೆ 105 ಆಗಿದೆ. ಚಕ್ರಬಡ್ಡಿ ಲೆಕ್ಕದಲ್ಲಿ ವರ್ಷಕ್ಕೆ ಎರಡೂವರೆ ಶೇಕಡಾದ ಹತ್ತಿರ. ಪೇಟೆ ಕುಣಿದಷ್ಟೂ ಇವೆರಡರ ಅಂತರ ಹಿಗ್ಗುತ್ತದೆ. ಜಾಸ್ತಿ ಕೇಳುವವರು ಸಾದಾ ಸರಾಸರಿ ತೋರಿಸುತ್ತಾರೆ, ಕಡಿಮೆ ಕೊಡಬೇಕೆನ್ನುವವರು ಇನ್ನೊಂದನ್ನು. ನನ್ನ ಅಭಿಪ್ರಾಯದಲ್ಲಿ ಬರುವ ಒಂದು ವರ್ಷದ ನಿರೀಕ್ಷೆಗೆ ಸಾದಾ ಸರಾಸರಿ ಸರಿ. ಐದು ವರ್ಷದ ದರ ನಿಗದಿಗೆ ಎರಡರ ನಡುವೆ, ಸಾದಾ ಸರಾಸರಿಯ ಹತ್ತಿರ ನಿಲ್ಲುವುದು ವಾಸಿ.

ಇಲ್ಲೇ ಇನ್ನೊಂದು ಸೂಕ್ಷ್ಮ ಇದೆ. ಸೂತ್ರದಲ್ಲಿ ಸರ್ಕಾರಿ ಬಾಂಡ್‌ನ ದರ ಎರಡು ಕಡೆ ಬರುತ್ತದೆ, ಒಮ್ಮೆ ಕೂಡಿ, ಒಮ್ಮೆ ಕಳೆದು. ಬೀಟಾ 0.93 ಇದ್ದಾಗ ಎರಡೂ ಬಹುಪಾಲು ವಜಾ ಆಗಿಬಿಡುತ್ತವೆ. ಪೇಟೆಯ ಒಟ್ಟು ನಿರೀಕ್ಷೆ ಶೇ 15.5 ಎಂದು ಗಟ್ಟಿಯಾಗಿದ್ದರೆ, ಬಾಂಡ್ ದರ ಒಂದು ಶೇಕಡಾ ಇಳಿದಾಗ ಪ್ರೀಮಿಯಂ ಒಂದು ಏರುತ್ತದೆ. ಷೇರುದಾರರ ಪ್ರತಿಫಲ ಇಳಿಯುವುದು ಬರೀ 0.07. ಆದರೆ ಬಾಂಡ್ ದರವನ್ನು ಮಾತ್ರ ಹೊಸದು ಹಾಕಿ, ಪ್ರೀಮಿಯಂ ಹಳೆಯ 8 ಆಗಿಯೇ ಉಳಿಸಿದರೆ ಪೂರ್ತಿ ಒಂದು ಶೇಕಡಾ ಬಿದ್ದುಹೋಗುತ್ತದೆ. ಇಂದಿನ ಬಾಂಡ್ ದರವನ್ನು ಒಂದು ಕಡೆ, ಹದಿನೈದು ವರ್ಷದ ಸರಾಸರಿ ಬಾಂಡ್ ದರವನ್ನು ಇನ್ನೊಂದು ಕಡೆ ಇಟ್ಟ ಲೆಕ್ಕ ಕಂಡರೆ, ಹಾಗೆ ಮಾಡಿದ್ದಕ್ಕೆ ಕಾರಣ ಕೇಳಲೇಬೇಕು.

ಮತ್ತೆ ಬೀಟಾಗೆ ಬರುತ್ತೇನೆ, ಏಕೆಂದರೆ ಹೊರದೇಶದ ನಿಲ್ದಾಣ ನೋಡಿ ನಮ್ಮದನ್ನು ಅಂದಾಜಿಸುವುದರಲ್ಲಿ ಇನ್ನೊಂದು ಪ್ರಶ್ನೆ ಉಳಿದಿದೆ. ಅವುಗಳ ವ್ಯವಹಾರ ನಮ್ಮದರ ಹಾಗೇ ಇದೆಯೇ? ಏರಾದ ಪದ್ಧತಿಯಲ್ಲಿ ಒಂದು ಅವಧಿಯಲ್ಲಿ ಅಂದಾಜಿಗಿಂತ ಕಡಿಮೆ ಜನ ಬಂದರೆ ಆ ಕೊರತೆಯನ್ನು ಮುಂದಿನ ಅವಧಿಯ ಶುಲ್ಕದಲ್ಲಿ ಸರಿದೂಗಿಸುತ್ತಾರೆ. ಜಾಸ್ತಿ ಬಂದರೆ ಕಳೆಯುತ್ತಾರೆ. ಪ್ರಯಾಣಿಕರ ಸಂಖ್ಯೆಯ ರಿಸ್ಕ್‌ನ ದೊಡ್ಡ ಭಾಗ ಹೀಗೆ ಷೇರುದಾರರಿಂದ ಪ್ರಯಾಣಿಕರ ಕಡೆಗೆ ಸರಿದಿದೆ. ಎಲ್ಲ ದೇಶಗಳಲ್ಲೂ ಹೀಗಿಲ್ಲ. ಹಾಗಾಗಿ ನಮ್ಮ ಆಸ್ತಿಯ ಬೀಟಾ ಅವರಿಗಿಂತ ಕಡಿಮೆ ಇರಬೇಕು ಎಂಬ ವಾದಕ್ಕೆ ಬಲ ಇದೆ. ಇನ್ನೊಂದು ಕಡೆಯವರು ಹೇಳುವುದೂ ಸುಳ್ಳಲ್ಲ. ಕೊರತೆಯ ದುಡ್ಡು ವರ್ಷಗಳ ನಂತರ ಬರುತ್ತದೆ, ಅಷ್ಟರಲ್ಲಿ ಬ್ಯಾಂಕ್‌ನ ಕಂತು ಕಟ್ಟಬೇಕು. ಜೊತೆಗೆ ಅಂಗಡಿ, ಪಾರ್ಕಿಂಗ್, ಜಾಹೀರಾತಿನ ಆದಾಯದಲ್ಲಿ ಶೇ 30 ಮಾತ್ರ ಶುಲ್ಕ ಇಳಿಸಲು ಹೋಗುತ್ತದೆ, ಉಳಿದದ್ದು ಕಂಪನಿಗೆ. ಆ ಉಳಿದ ಭಾಗ ಜನರ ಕೈಯಲ್ಲಿ ದುಡ್ಡು ಓಡಾಡುವುದರ ಮೇಲೆ ನಿಂತಿದೆ, ಅದರ ಬೀಟಾ ಕಡಿಮೆ ಇರಲಾರದು. ನಿಯಂತ್ರಣದ ಶುಲ್ಕಕ್ಕೆ ಬೇಕಾದದ್ದು ನಿಯಂತ್ರಣದ ವ್ಯವಹಾರದ ಬೀಟಾ. ಆದರೆ ಹೊರದೇಶದ ಷೇರಿನ ಬೆಲೆಯಲ್ಲಿ ಅಂಗಡಿಯೂ ರನ್‌ವೇಯೂ ಸೇರಿಕೊಂಡೇ ಇರುತ್ತವೆ. ಅವನ್ನು ಬಿಡಿಸುವ ಸೂತ್ರ ಇಲ್ಲ. ಅಂದಾಜೇ ಗತಿ.

ಸೂತ್ರದ ಬಗ್ಗೆಯೇ ಇರುವ ಒಂದು ಹಳೆಯ ತಕರಾರು ಕೂಡ ಇಲ್ಲಿಗೆ ತಾಗುತ್ತದೆ. 1972ರಲ್ಲಿ ಫಿಷರ್ ಬ್ಲ್ಯಾಕ್, ಮೈಕಲ್ ಜೆನ್ಸನ್ ಮತ್ತು ಮೈರನ್ ಶೋಲ್ಸ್ ನ್ಯೂಯಾರ್ಕ್ ಷೇರುಪೇಟೆಯ 1926ರಿಂದ 1965ರವರೆಗಿನ ಅಂಕಿಗಳನ್ನು ಇಟ್ಟು ನೋಡಿದರು. ಬೀಟಾ ಏರಿದಂತೆ ಪ್ರತಿಫಲ ಏರಿದ್ದು ನಿಜ, ಆದರೆ ಸೂತ್ರ ಹೇಳಿದಷ್ಟು ಕಡಿದಾಗಿ ಅಲ್ಲ. ಕಡಿಮೆ ಬೀಟಾದ ಷೇರುಗಳು ಸೂತ್ರ ಹೇಳಿದ್ದಕ್ಕಿಂತ ಜಾಸ್ತಿ ಕೊಟ್ಟಿದ್ದವು, ಹೆಚ್ಚು ಬೀಟಾದವು ಕಡಿಮೆ ಕೊಟ್ಟಿದ್ದವು. ಬೀಟಾ 0.93 ಇರುವ ಕಡೆ ಈ ತಪ್ಪು ಬಹಳ ಸಣ್ಣದು, ನಡುಭಾಗದಲ್ಲಿ ಸೂತ್ರದ ಗೆರೆಯೂ ಅಂಕಿಗಳ ಗೆರೆಯೂ ಒಂದೇ ಕಡೆ ಹಾಯುತ್ತವೆ. 0.5 ಅಥವಾ 1.5ರ ಹತ್ತಿರ ಹೋದಾಗ ಮಾತ್ರ ನೋಯುತ್ತದೆ. 48:52ರಂಥ ನಡುಮಟ್ಟದ ಸಾಲ ಹಿಡಿಯುವುದು ನನಗೆ ಹಿಡಿಸಲು ಇದೂ ಒಂದು ಕಾರಣ.

ಇಷ್ಟೆಲ್ಲ ಸರಿಮಾಡಿಕೊಂಡ ಮೇಲೂ 2020ರ ಮಾರ್ಚ್ ಇದೆಯಲ್ಲ. ಮಾರ್ಚ್ 25ರಿಂದ ಮೇ 24ರವರೆಗೆ ದೇಶದೊಳಗೆ ಪ್ರಯಾಣಿಕರ ವಿಮಾನ ಹಾರಲೇ ಇಲ್ಲ. ಜಗತ್ತಿನಾದ್ಯಂತ ಪೇಟೆಗಳು ಕುಸಿದವು, ನಿಲ್ದಾಣಗಳ ಷೇರು ಇನ್ನೂ ಜೋರಾಗಿ ಕುಸಿಯಿತು. ಗ್ರಾಫ್ ಮೇಲೆ ಆ ಕೆಲವು ವಾರಗಳ ಚುಕ್ಕಿಗಳು ಎಡಗಡೆ ಕೆಳಗಿನ ಮೂಲೆಯಲ್ಲಿ ದೂರ ನಿಲ್ಲುತ್ತವೆ. ಐದು ವರ್ಷದ ವಾರಗಳೆಂದರೆ 260 ಚುಕ್ಕಿ. ಗೆರೆಯನ್ನು ಎಳೆದು ಬಗ್ಗಿಸುವುದು ಅವುಗಳಲ್ಲಿ ನಾಲ್ಕೋ ಐದೋ. ಅವನ್ನು ಬಿಟ್ಟು ಒಮ್ಮೆ, ಇಟ್ಟು ಒಮ್ಮೆ ಗೆರೆ ಎಳೆದು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಲಂಡನ್‌ನ ಹೀಥ್ರೂ ನಿಲ್ದಾಣದ 2022-26ರ ದರ ನಿಗದಿಯಲ್ಲಿ ಜಗಳದ ಮುಖ್ಯ ವಿಷಯಗಳಲ್ಲಿ ಇದೂ ಒಂದಾಗಿತ್ತು. ಹೀಥ್ರೂ ಕೂಡ ಷೇರುಪೇಟೆಯಲ್ಲಿಲ್ಲ, ಅಲ್ಲೂ ಫ್ರಾಪೋರ್ಟ್, ಎಡಿಪಿ ಮುಂತಾದವನ್ನೇ ನೋಡಬೇಕಾಯಿತು. ಆ ವಾರಗಳನ್ನು ಪೂರ್ತಿ ಎಣಿಸಿದರೆ ಅಂಥ ಪಿಡುಗು ಐದು ವರ್ಷಕ್ಕೊಮ್ಮೆ ಬರುತ್ತದೆ ಎಂದು ಒಪ್ಪಿದ ಹಾಗೆ. ಪೂರ್ತಿ ಬಿಟ್ಟರೆ ಇನ್ನೆಂದೂ ಬರುವುದಿಲ್ಲ ಎಂದ ಹಾಗೆ. ಅಲ್ಲಿನ ನಿಯಂತ್ರಕರು ನಡುದಾರಿ ಹಿಡಿದರು. ಪ್ರಯಾಣಿಕರ ಸಂಖ್ಯೆಯ ಏರಿಳಿತವನ್ನು ಹಂಚಿಕೊಳ್ಳುವ ಹೊಸ ವ್ಯವಸ್ಥೆಯನ್ನೂ ತಂದರು.

ಬೆಂಗಳೂರಿನ ಮುಂದಿನ ಐದು ವರ್ಷದ ಅವಧಿ 2026ರ ಏಪ್ರಿಲ್‌ನಿಂದ. ಹಿಂದಿನ ಐದು ವರ್ಷದ ವಾರಗಳನ್ನು ಎಣಿಸುವವರಿಗೆ 2025ರ ವಸಂತದ ಹೊತ್ತಿಗೇ ಆ ಚುಕ್ಕಿಗಳು ಕಿಟಕಿಯಿಂದ ಹೊರಗೆ ಬಿದ್ದಿವೆ. ಏಳು ಅಥವಾ ಹತ್ತು ವರ್ಷ ಎಣಿಸುವವರ ಗ್ರಾಫ್‌ನಲ್ಲಿ ಅವು ಇನ್ನೂ ಅದೇ ಮೂಲೆಯಲ್ಲಿವೆ. ನಿಲ್ದಾಣ ಅದೇ, ರನ್‌ವೇಗಳೂ ಅವೇ ಎರಡು. ಬೀಟಾ ಮಾತ್ರ ಯಾರ ಕಿಟಕಿ ಎಷ್ಟು ಅಗಲ ಎಂಬುದರ ಮೇಲೆ ಬದಲಾಗುತ್ತದೆ. ಷೇರಿನ ಬೀಟಾದಲ್ಲಿ 0.1 ವ್ಯತ್ಯಾಸ ಬಂದರೂ ನಮ್ಮ ಉದಾಹರಣೆಯ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 42 ಕೋಟಿ. ಏರಾದ ಮುಂದೆ ಬರುವ ವರದಿ ಕೈಗೆ ಸಿಕ್ಕಾಗ ನಾನು ಮೊದಲು ತೆರೆಯುವ ಪುಟ, ಚುಕ್ಕಿಗಳನ್ನು ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಇಟ್ಟಿದ್ದಾರೆ ಎಂದು ಬರೆದಿರುವ ಪುಟ.